ಪಾಸ್‌ಪೋರ್ಟ್ ಕೈಯಲ್ಲಿಲ್ಲದ ದಿನಗಳು

ಯುರೋಪಿನ ಷೆಂಗೆನ್ ದೇಶಗಳು, ಅಂದರೆ ಒಂದೇ ವೀಸಾದ ಮೇಲೆ ಪರಸ್ಪರ ಸಂಚಾರಕ್ಕೆ ಅವಕಾಶ ಕೊಡುವ ದೇಶಗಳು, 2009ರಲ್ಲಿ ರೂಪಿಸಿಕೊಂಡ ವೀಸಾ ಸಂಹಿತೆಯು ಖಾಸಗಿ ಅರ್ಜಿ ಕೇಂದ್ರಗಳನ್ನು ಬೇರೆ ದಾರಿಯಿಲ್ಲದಾಗ ಮಾತ್ರ ಬಳಸಬೇಕೆಂದು ಹೇಳಿತ್ತಲ್ಲದೆ, ಬಯಸಿದವರು ದೂತಾವಾಸದಲ್ಲಿಯೇ ನೇರವಾಗಿ ಅರ್ಜಿ ಸಲ್ಲಿಸುವ ಅವಕಾಶವನ್ನೂ ಉಳಿಸಿತ್ತು. 2020ರ ಫೆಬ್ರವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿಯು ಈ ಅವಕಾಶವನ್ನು ಕಡ್ಡಾಯವಾಗಿ ಒದಗಿಸುವ ಹೊಣೆಯಿಂದ ದೇಶಗಳನ್ನು ಬಿಡುಗಡೆ ಮಾಡಿತು. ಆಯ್ಕೆಯಾಗಿದ್ದುದು ಹೀಗೆ ಬಹುಮಟ್ಟಿಗೆ ಅನಿವಾರ್ಯವಾಯಿತು.

ದೆಹಲಿಗೋ ಮುಂಬೈಗೋ ಹೋಗದೆ ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿಯೇ ಬೆರಳಚ್ಚು ಕೊಡಬಹುದಾದುದು ಕರ್ನಾಟಕದವರಿಗೆ ನಿಜವಾದ ಅನುಕೂಲವೇ. ಆದರೆ ಕೇಂದ್ರವು ದಾಖಲೆ ಪಡೆದು ರವಾನಿಸುವ ಮಧ್ಯವರ್ತಿ ಮಾತ್ರ. ಅರ್ಜಿಯನ್ನು ಪರಿಶೀಲಿಸುವ, ತೀರ್ಮಾನಿಸುವ ಅಧಿಕಾರ ಸಂಹಿತೆಯ ಪ್ರಕಾರ ದೂತಾವಾಸಕ್ಕೇ ಸೇರಿದ್ದು. ಕೇಂದ್ರದ ಸೇವಾಶುಲ್ಕ ಸಾಮಾನ್ಯವಾಗಿ ವೀಸಾ ಶುಲ್ಕದ ಅರ್ಧವನ್ನು ಮೀರುವಂತಿಲ್ಲ. ವಯಸ್ಕರ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯುರೋ. ಕೊರಿಯರ್, ಸಂದೇಶ ಸೇವೆ, ವಿಶೇಷ ಕೊಠಡಿ ಇವೆಲ್ಲ ಐಚ್ಛಿಕವಾದ್ದರಿಂದ ಬೇಡವೆನ್ನುವ ಹಕ್ಕು ಅರ್ಜಿದಾರರಿಗಿದೆ.

ಈ ವ್ಯವಸ್ಥೆಯ ದೊಡ್ಡ ಕೊರತೆ ಕಾಲಗಣನೆಯಲ್ಲಿದೆ. ತೀರ್ಮಾನಕ್ಕೆ ನಿಗದಿಯಾದ 15 ದಿನಗಳು, ಅಗತ್ಯಬಿದ್ದರೆ 45ರವರೆಗೆ ಬೆಳೆಯಬಹುದಾದ ಆ ಅವಧಿ, ಅರ್ಜಿಯು ಪರಿಶೀಲನೆಗೆ ಅರ್ಹವೆಂದು ದೂತಾವಾಸ ಕಂಡುಕೊಂಡ ಮೇಲಿನದು. ಕಡತ ದಾರಿಯಲ್ಲಿ ಕಳೆಯುವ ದಿನಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಸೆಪ್ಟೆಂಬರ್ 20ರಂದು ಹೊರಡಬೇಕಾದ ಹುಬ್ಬಳ್ಳಿಯ ಅಧ್ಯಾಪಕರೊಬ್ಬರು ಆಗಸ್ಟ್ 25ರಂದು ಬೆಂಗಳೂರಿನಲ್ಲಿ ಅರ್ಜಿ ಕೊಟ್ಟರೆಂದು ಭಾವಿಸಿದರೆ, ಅದು ದೆಹಲಿ ಮುಟ್ಟಿ ದಾಖಲಾಗುವಾಗ 28 ಆಗಬಹುದು, ತೀರ್ಮಾನ ಸೆಪ್ಟೆಂಬರ್ 12ಕ್ಕೆ ಬಂದರೂ ಬೆಂಗಳೂರಿಗೆ ಮರಳಿ ಕೊರಿಯರ್‌ನಲ್ಲಿ ಹುಬ್ಬಳ್ಳಿ ತಲುಪುವಷ್ಟರಲ್ಲಿ 17 ಆಗಿಬಿಡುತ್ತದೆ, ನಡುವೆ ಒಂದೇ ಒಂದು ಹೆಚ್ಚುವರಿ ದಾಖಲೆ ಕೇಳಿದರೂ ಪ್ರಯಾಣ ತಪ್ಪುತ್ತದೆ. ಆರು ತಿಂಗಳು ಮೊದಲೇ ಅರ್ಜಿ ಸಲ್ಲಿಸಲು ಸಂಹಿತೆ ಅವಕಾಶ ಕೊಡುವುದರಿಂದ ಈ ಇಕ್ಕಟ್ಟನ್ನು ತಪ್ಪಿಸಬಹುದು. ಕೇಂದ್ರಕ್ಕೆ ಕಡತ ಮರಳಿದೆಯೆಂಬ ಸಂದೇಶವು ವೀಸಾ ಸಿಕ್ಕಿತೆಂದು ಹೇಳುವುದಿಲ್ಲ. ಲಕೋಟೆ ತೆರೆದು, ವೀಸಾ ಚೀಟಿಯಲ್ಲಿನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಅವಧಿ, ಪ್ರವೇಶಗಳ ಸಂಖ್ಯೆಗಳನ್ನು ಅಂದೇ ನೋಡಿ, ತಪ್ಪಿದ್ದರೆ ಹೊರಡುವ ಮೊದಲೇ ತಿದ್ದಿಸಿಕೊಳ್ಳಬೇಕು.

ಪಾಸ್‌ಪೋರ್ಟ್ ಒಪ್ಪಿಸುವ ಮುನ್ನ ಹಳೆಯ ವೀಸಾಗಳಿರುವ ಪುಟಗಳೂ ಸೇರಿದಂತೆ ಎಲ್ಲದರ ಪ್ರತಿ ತೆಗೆದಿಟ್ಟುಕೊಂಡು, ಕೇಂದ್ರ ಕೊಡುವ ರಸೀದಿಯನ್ನು ಜೋಪಾನ ಮಾಡಬೇಕು. ಪಾಸ್‌ಪೋರ್ಟ್ ಕೈಯಲ್ಲಿಲ್ಲದ ಅವಧಿಯಲ್ಲಿ ದೇಶದೊಳಗಿನ ವಿಮಾನಕ್ಕೆ ಆಧಾರ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ನೇಪಾಳಕ್ಕೆ ವಿಮಾನದಲ್ಲಿ ಹೋಗುವ 65 ವರ್ಷದೊಳಗಿನ ವಯಸ್ಕರಿಗೆ ಮತದಾರರ ಚೀಟಿ ನಡೆಯುತ್ತದೆ, ಆಧಾರ್ ನಡೆಯದು. ಬೇರೆ ದೇಶಕ್ಕೆ ತುರ್ತಾಗಿ ಹೋಗಬೇಕಾಗಿ ಪಾಸ್‌ಪೋರ್ಟ್ ವಾಪಸ್ ಕೇಳಿದರೆ ಅದು ಸಾಮಾನ್ಯವಾಗಿ ಅರ್ಜಿಯನ್ನೇ ಹಿಂತೆಗೆದುಕೊಂಡಂತೆ, ಕಟ್ಟಿದ ಶುಲ್ಕವೂ ಮರಳುವುದಿಲ್ಲ. 1967ರ ಪಾಸ್‌ಪೋರ್ಟ್ ಕಾಯಿದೆಯಂತೆ ಆ ಪುಸ್ತಿಕೆ ಭಾರತ ಸರ್ಕಾರದ ಸ್ವತ್ತು. ಆದರೂ ಅದು ದಾರಿಯಲ್ಲಿ ಕಳೆದುಹೋದರೆ ಪೊಲೀಸ್ ದೂರು, ಮರುವಿತರಣೆ, ಹೊಸ ವೀಸಾ ಅರ್ಜಿ ಎಲ್ಲದರ ಹೊರೆ ಬೀಳುವುದು ಅರ್ಜಿದಾರರ ಮೇಲೆಯೇ, ಮತ್ತು ನೇರ ಸಲ್ಲಿಕೆಯ ಹಕ್ಕನ್ನು ತೆಗೆದುಹಾಕಿದ ತಿದ್ದುಪಡಿಯನ್ನು ನ್ಯಾಯಸಮ್ಮತವೆನ್ನಲು ಆಗದಿರುವುದು ಮುಖ್ಯವಾಗಿ ಇದೇ ಕಾರಣಕ್ಕೆ.