ಧೂಪದ ಪೊಟ್ಟಣವೂ ಕರ್ಪೂರದ ಬಿಲ್ಲೆಯೂ

ಉಮರ್ಗಾ, ನಿಲಂಗಾ, ಉದಗೀರಗಳ ಸೀಮೆಯಲ್ಲಿ, ಮನೆಯೊಳಗೆ ಕನ್ನಡವೂ ಪೇಟೆಯಲ್ಲಿ ಮರಾಠಿಯೂ ನಡೆಯುವ ಆ ಗಡಿನಾಡಿನ ಮನೆಗಳಲ್ಲಿ, ಬೆಳಗಿನ ಲಿಂಗಪೂಜೆಗೆ ವಿಭೂತಿ ಪತ್ರೆಗಳೊಡನೆ ಊದಿನಕಡ್ಡಿಯೂ ಕರ್ಪೂರವೂ ತಪ್ಪದೆ ಬೇಕು. ವಿಭೂತಿಯ ಗಟ್ಟಿ ಎಲ್ಲಿಂದ ಬಂದಿತೆಂದು ವಿಚಾರಿಸಿ ಕೊಳ್ಳುವ ಗೃಹಿಣಿಯೇ ಕಿರಾಣಿ ಅಂಗಡಿಯ ಹಗ್ಗಕ್ಕೆ ತೂಗುಬಿಟ್ಟ ಬತ್ತಿಯ ಪೊಟ್ಟಣವನ್ನು ಮಾತ್ರ ಅದರ ಮೇಲಿನ ದೇವರ ಚಿತ್ರವನ್ನು ನೋಡಿ ಕೊಳ್ಳುತ್ತಾಳೆ. ಅಗ್ನಿಗೆ ಒಪ್ಪಿಸಿ, ಅದರ ಹೊಗೆಯನ್ನು ಮುಚ್ಚಿದ ಕೋಣೆಯಲ್ಲಿ ನಾವೂ ನಮ್ಮ ಮಕ್ಕಳೂ ಉಸಿರಾಡುವ ಈ ಎರಡು ವಸ್ತುಗಳ ಮೈಮೇಲಿನ ಬರಹವನ್ನು ಒಂದು ಗ್ರಂಥವನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಓದಬೇಕೆಂಬುದು ನನ್ನ ಅಭಿಪ್ರಾಯ. ಹಾಗೆ ಓದಿದಾಗ ಕಾಣುವುದೇನೆಂದರೆ, ಆ ಬರಹವು ಹೇಳುವುದಕ್ಕಿಂತ ಹೇಳದೆ ಬಿಡುವುದೇ ಹೆಚ್ಚು.

ಇಂಥ ಪೇಟೆಗಳಲ್ಲಿ ಸಿಗುವ ಸಾಧಾರಣವಾದ ಒಂದು ಪೊಟ್ಟಣವನ್ನು ತೆಗೆದುಕೊಳ್ಳೋಣ. ಮುಂಭಾಗದಲ್ಲಿ 'ನೈಸರ್ಗಿಕ ಚಂದನ' ಎಂಬ ದೊಡ್ಡ ಅಕ್ಷರಗಳು. ಹಿಂಭಾಗದಲ್ಲಿ ತಯಾರಕರ ಹೆಸರು ಮತ್ತು ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಇಪ್ಪತ್ತು ಕಡ್ಡಿಗಳೆಂಬ ಲೆಕ್ಕ, ಹದಿನೈದು ರೂಪಾಯಿಯ ಬೆಲೆ, ದೂರು ಹೇಳಲು ಒಂದು ದೂರವಾಣಿ ಸಂಖ್ಯೆ. ಪೊಟ್ಟಣದ ಸರಕುಗಳನ್ನು ಕುರಿತ 2011ರ ಕಾನೂನು ಮಾಪನ ನಿಯಮಗಳು ಮುಖ್ಯವಾಗಿ ಕೇಳುವುದು ಇಂಥವನ್ನೇ. ಬಿಸ್ಕತ್ತಿನ ಪೊಟ್ಟಣದ ಮೇಲೆ ಒಳಗಿರುವ ಪದಾರ್ಥಗಳ ಪಟ್ಟಿ ಇರಲೇಬೇಕು. ಬತ್ತಿಯ ಮೇಲೆ ಅಂಥ ಪಟ್ಟಿಯನ್ನು ಈ ನಿಯಮಗಳು ಕೇಳುವುದಿಲ್ಲ. ಆದುದರಿಂದ 'ನೈಸರ್ಗಿಕ' ಎಂಬ ವಿಶೇಷಣವನ್ನು ಪ್ರಮಾಣವೆಂದು ಸ್ವೀಕರಿಸದೆ, ಅದೇ ಪೊಟ್ಟಣದ ಮೇಲಿರುವ ಇನ್ನೆರಡು ಅಂಕಿಗಳಿಂದ ಅದನ್ನು ಪರೀಕ್ಷೆಗೆ ಒಡ್ಡಬೇಕಾಗುತ್ತದೆ.

ಒಂದು ಕಡ್ಡಿ ಸುಮಾರು ಒಂದು ಗ್ರಾಂ ತೂಗುತ್ತದೆಂದು ಹಿಡಿದರೆ ಇಪ್ಪತ್ತು ಕಡ್ಡಿಗಳಿಗೆ ಇಪ್ಪತ್ತು ಗ್ರಾಂ. ಅದರಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ನಿಜವಾದ ಗಂಧದೆಣ್ಣೆ ಇದ್ದರೂ ಅದು ಒಂದು ಗ್ರಾಮಿನ ಐದನೆಯ ಒಂದು ಭಾಗ. ಗಂಧದೆಣ್ಣೆಯ ಬೆಲೆ ಕಿಲೋ ಒಂದಕ್ಕೆ ಲಕ್ಷ ರೂಪಾಯಿಗೆ ಮೀರಿದುದು. ಎಂದರೆ ಗ್ರಾಮಿಗೆ ನೂರು ರೂಪಾಯಿಗೆ ಕಡಿಮೆಯಿಲ್ಲ. ಆ ಐದನೆಯ ಒಂದು ಭಾಗಕ್ಕೇ ಇಪ್ಪತ್ತು ರೂಪಾಯಿ ಬಿದ್ದಿತು. ಪೊಟ್ಟಣದ ಒಟ್ಟು ಬೆಲೆಯೋ ಹದಿನೈದು. ಬಿದಿರು, ಕೂಲಿ, ಸಾಗಾಣಿಕೆ, ಅಂಗಡಿಯವನ ಲಾಭ ಇವನ್ನೆಲ್ಲ ಬದಿಗಿಟ್ಟರೂ ಲೆಕ್ಕ ಕೂಡುವುದಿಲ್ಲ. ಚಂದನವೆಂಬುದು ಇಲ್ಲಿ ಪರಿಮಳದ ಹೆಸರೇ ಹೊರತು ಪದಾರ್ಥದ ಹೆಸರಲ್ಲ. ಮಲ್ಲಿಗೆಗೂ ಅಗರಿಗೂ ಇದೇ ಗಣಿತ ಸಲ್ಲುತ್ತದೆ. ಕಸ್ತೂರಿಯ ವಿಷಯದಲ್ಲಂತೂ ಗಣಿತವೂ ಬೇಡ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಸ್ತೂರಿಮೃಗವನ್ನು ರಕ್ಷಿಸಿರುವುದರಿಂದ, ಅಂಗಡಿಯಲ್ಲಿ ಸಿಗುವ ಕಸ್ತೂರಿಬತ್ತಿಯ ಸುವಾಸನೆ ಕಾರ್ಖಾನೆಯದೇ ಆಗಿರಬೇಕು.

ಕೃತಕ ಸುಗಂಧವೆಲ್ಲ ವಿಷವೆಂದು ನಾನು ಹೇಳುತ್ತಿಲ್ಲ. ಮಲ್ಲಿಗೆಯ ಕಂಪಿನಲ್ಲಿ ಮುಖ್ಯವಾದ ಬೆಂಜೈಲ್ ಅಸಿಟೇಟ್ ಹೂವಿನಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಅಣುವಿನಲ್ಲಿ ಒಂದೇ. ವಿಚಾರಿಸಬೇಕಾದುದು ಆ ಸುಗಂಧದೊಡನೆ ಬರುವ ಸಂಗಾತಿಯನ್ನು. ಇಂದು ಮಾರುಕಟ್ಟೆಯಲ್ಲಿರುವ ಅಗ್ಗದ ಬತ್ತಿಗಳಲ್ಲಿ ಹೆಚ್ಚಿನವು ಅದ್ದಿದ ಬತ್ತಿಗಳು: ಇದ್ದಿಲಪುಡಿ, ಮರದಪುಡಿ, ಅಂಟಿಗಾಗಿ ಜಿಗಟು ಇವನ್ನು ಕಲಸಿ ಬಿದಿರುಕಡ್ಡಿಗೆ ಯಂತ್ರದಿಂದ ಮೆತ್ತಿ ಒಣಗಿಸಿದ, ವಾಸನೆಯೇ ಇಲ್ಲದ ಕಪ್ಪುಬತ್ತಿಯನ್ನು ಒಂದು ಕಡೆ ತಯಾರಿಸಿ, ಮತ್ತೊಂದು ಕಡೆ ಅದನ್ನು ಸುಗಂಧದ ದ್ರವದಲ್ಲಿ ಅದ್ದಿ ತೆಗೆಯುತ್ತಾರೆ. ಆ ದ್ರವದಲ್ಲಿ ಸುಗಂಧವು ಅಲ್ಪಾಂಶ. ಉಳಿದುದು ಅದನ್ನು ತೆಳುವಾಗಿಸಿ ಕಡ್ಡಿಯಲ್ಲಿ ಹಿಡಿದಿಡುವ ವಾಹಕ. ಡಯೀಥೈಲ್ ಥ್ಯಾಲೇಟ್ ಎಂಬ, ಡಿಇಪಿ ಎಂದು ವ್ಯಾಪಾರಿಗಳು ಕರೆಯುವ ಎಣ್ಣೆಯಂಥ ದ್ರವವೋ, ಡೈಪ್ರೊಪಿಲೀನ್ ಗ್ಲೈಕಾಲೋ, ಖನಿಜತೈಲವೋ ಈ ಕೆಲಸಕ್ಕೆ ಬಳಕೆಯಾಗುತ್ತದೆ. ನಾವು ಗಂಧವೆಂದು ಕೊಂಡುದರಲ್ಲಿ ಬಹುಭಾಗ ಹೀಗೆ ಗಂಧವಲ್ಲದ ದ್ರವವೇ ಆಗಿ, ಕೆಂಡದ ತುದಿಯಲ್ಲಿ ಬೆಂದು ಆವಿಯಾಗಿ ಮೂಗನ್ನು ಸೇರುತ್ತದೆ.

ಮಸಾಲೆಬತ್ತಿಯ ಕ್ರಮ ಬೇರೆ. ಅದರಲ್ಲಿ ಹಾಲುಮಡ್ಡಿಯ ಅಂಟು, ಗಂಧದಪುಡಿ, ಗುಗ್ಗುಳ, ಲಾವಂಚದ ಬೇರು ಮೊದಲಾದುವನ್ನು ಹಿಟ್ಟಿನಲ್ಲಿಯೇ ಸೇರಿಸಿ ಹೊಸೆಯುವುದರಿಂದ ಪರಿಮಳವು ಕಡ್ಡಿಯ ಮೈಯಲ್ಲಿಯೇ ಇರುತ್ತದೆ. ಹಚ್ಚುವ ಮೊದಲು ಅದು ಮಂದವಾಗಿ, ಹಚ್ಚಿದ ಮೇಲೆ ನಿಧಾನವಾಗಿ ಹರಡುತ್ತದೆ. ಎರಡರ ಭೇದವನ್ನು ಮನೆಯಲ್ಲಿಯೇ ಕಾಣಬಹುದು. ಎರಡು ಕಡ್ಡಿಗಳನ್ನು ಬಿಳಿಯ ಹೀರುಕಾಗದದ ಮೇಲೆ ಒಂದು ರಾತ್ರಿ ಇಟ್ಟರೆ, ಅದ್ದಿದ ಬತ್ತಿಯ ಕೆಳಗೆ ಎಣ್ಣೆಯ ಪಟ್ಟೆಯೊಂದು ಮೂಡುತ್ತದೆ. ಮಸಾಲೆಬತ್ತಿ ಒಣಪುಡಿಯನ್ನಷ್ಟೇ ಉದುರಿಸುತ್ತದೆ. ಹೂವುಗಳ ತೈಲ ಬಹುಮಟ್ಟಿಗೆ ಆರಿಹೋಗುವಂಥದು. ಕಡ್ಡಿಯನ್ನು ತೆಗೆದ ಮೇಲೆ ಮರುದಿನವೂ ಅದರ ಮರುದಿನವೂ ಹಾಗೆಯೇ ಉಳಿದ ಪಟ್ಟೆ ಸಾಮಾನ್ಯವಾಗಿ ವಾಹಕದ್ದು. ಗಂಧದೆಣ್ಣೆಯಂಥ ಭಾರವಾದ ತೈಲಗಳೂ ತಡವಾಗಿ ಆರುವುದರಿಂದ, ಮತ್ತು ಆ ವಾಹಕ ಯಾವುದೆಂಬುದನ್ನು ಕಾಗದ ಹೇಳಲಾರದುದರಿಂದ, ಇದು ನಿರ್ಣಯವಲ್ಲ, ಸಂಶಯಕ್ಕೆ ಆಧಾರ ಮಾತ್ರ. ಥ್ಯಾಲೇಟ್ ಇಲ್ಲವೆಂದು ಸ್ಪಷ್ಟವಾಗಿ ಬರೆದು, ಅದರ ಬದಲಿಗೆ ಏನನ್ನು ಬಳಸಲಾಗಿದೆಯೆಂದೂ ಹೇಳುವ ತಯಾರಕನ ಪೊಟ್ಟಣವನ್ನು, ಬರಿಯ 'ರಾಸಾಯನಿಕಮುಕ್ತ' ಎಂಬ ಘೋಷಣೆಯ ಪೊಟ್ಟಣಕ್ಕಿಂತ ನಾನು ಹೆಚ್ಚು ನಂಬುವೆನು. ಏಕೆಂದರೆ ಗಂಧವೂ ನೀರೂ ರಾಸಾಯನಿಕಗಳೇ.

ಈಚೆಗೆ ಓದುಗನ ಕೈಗೆ ಒಂದು ಹೊಸ ಸಾಧನ ದೊರೆತಿದೆ. ಭಾರತೀಯ ಮಾನಕ ಬ್ಯೂರೋ ಅಗರಬತ್ತಿಗೆಂದೇ ರಚಿಸಿದ ಐಎಸ್ 19412 ಎಂಬ ಮಾನಕವನ್ನು 2025ರ ಡಿಸೆಂಬರ್ ತಿಂಗಳ ರಾಷ್ಟ್ರೀಯ ಗ್ರಾಹಕ ದಿನದಂದು ಕೇಂದ್ರ ಸಚಿವ ಪ್ರಲ್ಹಾದ ಜೋಶಿಯವರು ಬಿಡುಗಡೆ ಮಾಡಿದರು. ಆಲೆಥ್ರಿನ್, ಸೈಪರ್‌ಮೆಥ್ರಿನ್, ಫಿಪ್ರೊನಿಲ್ ಮೊದಲಾದ ಕೀಟನಾಶಕಗಳನ್ನೂ, ಬೆಂಜೈಲ್ ಸಯನೈಡ್, ಡೈಫಿನೈಲಮೀನ್‌ಗಳಂಥ ಕೆಲವು ಸುಗಂಧಸಂಬಂಧಿ ದ್ರವ್ಯಗಳನ್ನೂ ಅದು ನಿಷೇಧಿಸುತ್ತದೆ. ಅದಕ್ಕೆ ಹೊಂದಿದ ಬತ್ತಿಯ ಪೊಟ್ಟಣಕ್ಕೆ ಐಎಸ್‌ಐ ಗುರುತನ್ನು ಪಡೆಯಬಹುದು. ಗುರುತಿನ ಮೇಲೆ ಮಾನಕದ ಸಂಖ್ಯೆಯೂ ಕೆಳಗೆ ಪರವಾನಗಿಯ ಸಂಖ್ಯೆಯೂ ಇರಬೇಕು. ಪೂಜೆಯ ಬತ್ತಿಗೆ ಕೀಟನಾಶಕದ ಸಂಬಂಧವೇನೆಂದು ಕೇಳಬಹುದು. ಸೊಳ್ಳೆಯನ್ನೂ ಓಡಿಸುವ ಬತ್ತಿಯೆಂದು ಅಗ್ಗದ ಕಡ್ಡಿಗಳು ಪೂಜಾಸಾಮಗ್ರಿಯ ಸಾಲಿನಲ್ಲಿಯೇ ಕುಳಿತಿರುತ್ತವೆ. 1968ರ ಕೀಟನಾಶಕ ಕಾಯಿದೆಯಂತೆ ಅಂಥವುಗಳ ಮೇಲೆ ನೋಂದಣಿಸಂಖ್ಯೆ ಇರಬೇಕು. ಸಂಖ್ಯೆಯಿಲ್ಲದೆ ಸೊಳ್ಳೆಯ ಮಾತಾಡುವ ಬತ್ತಿಯಲ್ಲಿ ಯಾವ ಔಷಧ ಎಷ್ಟಿದೆಯೆಂಬುದಕ್ಕೆ ಹೊಣೆಗಾರರಿಲ್ಲ. ಸಂಖ್ಯೆ ಇದ್ದರೂ ಅದು ದೇವರ ಮುಂದೆ ಹಚ್ಚತಕ್ಕ ವಸ್ತುವಲ್ಲ.

ಇಷ್ಟೆಲ್ಲ ಆಯ್ದ ಮೇಲೂ ಹೊಗೆ ಹೊಗೆಯೇ. ಒಂದು ಗ್ರಾಂ ಧೂಪ ಉರಿದಾಗ ಸುಮಾರು 45 ಮಿಲಿಗ್ರಾಂ ಸೂಕ್ಷ್ಮಕಣಗಳು ಹೊಮ್ಮುತ್ತವೆಂದೂ, ಸಿಗರೇಟಿನ ಒಂದು ಗ್ರಾಮಿಗೆ ಅದು 10ರ ಸುಮಾರೆಂದೂ ವೈದ್ಯಕೀಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಮಾಪನವೊಂದಿದೆ. ಹಾಲುಮಡ್ಡಿಯ ಬತ್ತಿಗೂ, 'ಇದ್ದಿಲಿಲ್ಲದ' ಬತ್ತಿಗೂ ಇದರಿಂದ ವಿನಾಯಿತಿಯಿಲ್ಲ. ಇದ್ದಿಲನ್ನು ತೆಗೆದು ಮರದಪುಡಿಯನ್ನೋ ಸಗಣಿಯನ್ನೋ ಹೆಚ್ಚಿಸಿದಲ್ಲಿ ಉರಿಯುವ ಪದಾರ್ಥ ಬದಲಾಯಿತೇ ಹೊರತು ಉರಿಯುವಿಕೆ ನಿಲ್ಲಲಿಲ್ಲ. "ಈ ಬತ್ತಿ ಹೊಗಿ ಕಣ್ಣಿಗಿ ಹತ್ತತದ ತಮ್ಮಾ" ಎಂದು ಈ ಸೀಮೆಯ ಅಜ್ಜಿಯೊಬ್ಬಳು ಹೇಳಿದರೆ ಅದನ್ನು ಯಾವ ಗುರುತಿಗಿಂತಲೂ ಮೊದಲು ಕೇಳಬೇಕು. ಬತ್ತಿಯನ್ನು ಬದಲಿಸುವುದರೊಡನೆ ಕಿಟಕಿಯನ್ನು ತೆರೆದು, ಮೂರು ಕಡ್ಡಿಗಳ ಬದಲಿಗೆ ಒಂದನ್ನು ಹಚ್ಚಬೇಕು.

ಕರ್ಪೂರದ ಕಥೆ ಬೇರೆಯಾಗಿದೆ. ಕರ್ಪೂರವೃಕ್ಷದಿಂದ ಬಂದುದೆಂದು ನಾವು ಭಾವಿಸುವ ಬಿಲ್ಲೆಗಳಲ್ಲಿ ಬಹುತೇಕವು ಪೈನ್‌ಜಾತಿಯ ಮರಗಳ ಟರ್ಪೆಂಟೈನಿನಿಂದ ಪೈನೀನ್ ಎಂಬ ಅಂಶವನ್ನು ಬೇರ್ಪಡಿಸಿ, ಕಾರ್ಖಾನೆಯಲ್ಲಿ ಹಲವು ಹಂತಗಳಲ್ಲಿ ಮಾರ್ಪಡಿಸಿ ಪಡೆದವು. ಹಿಂದೆ 'ಭೀಮಸೇನಿ' ಎಂಬುದು ಬೋರ್ನಿಯೋ ಸುಮಾತ್ರಾಗಳ ಬೇರೊಂದು ಮರದ ದ್ರವ್ಯ. ಇಂದು ಆ ಹೆಸರಿನಿಂದ ಮಾರುವುದು ಅನೇಕ ವೇಳೆ ಇದೇ ಕಾರ್ಖಾನೆಯ ಕರ್ಪೂರದ ಹರಳು. ಕಾರ್ಖಾನೆಯದಾದರೂ ಶುದ್ಧವಾಗಿದ್ದರೆ ನನ್ನ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಕಲಬೆರಕೆಯ ವಿಷಯದಲ್ಲಿ, ಅದರಲ್ಲೂ ಜನ ಶುದ್ಧತೆಯ ಲಕ್ಷಣವೆಂದು ತಿಳಿದಿರುವ ಒಂದು ಗುಣದ ವಿಷಯದಲ್ಲಿ.

'ಹೊಗೆಯಿಲ್ಲದ ಕರ್ಪೂರ'ವೆಂಬ ಬರಹವನ್ನು ಓದಿ ಜನ ಸಂತೋಷಪಡುತ್ತಾರೆ. ಆದರೆ ಕರ್ಪೂರದ ಒಂದೊಂದು ಅಣುವಿನಲ್ಲಿಯೂ ಇಂಗಾಲದ ಹತ್ತು ಪರಮಾಣುಗಳಿವೆ. ಶುದ್ಧ ಕರ್ಪೂರವು ಹಳದಿಯ ಜ್ವಾಲೆಯಲ್ಲಿ ಕಪ್ಪುಮಸಿಯನ್ನು ಉಗುಳಿಯೇ ಉರಿಯುತ್ತದೆ. ಆರತಿಯ ತಟ್ಟೆ ಕಪ್ಪಾಗುವುದು ದೋಷವಲ್ಲ. ತಟ್ಟೆಯಲ್ಲಿ ಬೂದಿಯಾಗಲಿ ಅಂಟಾಗಲಿ ಉಳಿಯದಿರುವುದೇ ಗುಣ. ನೀಲಿಛಾಯೆಯ ಜ್ವಾಲೆಯಿಂದ ಮಸಿಯಿಲ್ಲದೆ ಉರಿಯುವುದು ಹೆಕ್ಸಮೀನ್, ಸೈನಿಕರೂ ಚಾರಣಿಗರೂ ಒಲೆಗೆ ಹಚ್ಚುವ ಇಂಧನದ ಬಿಲ್ಲೆ. ಅದು ಬೆಂದು ಒಡೆಯುವಾಗ ಫಾರ್ಮಾಲ್ಡಿಹೈಡ್ ಮೊದಲಾದ ಕಟುವಾದ ಅನಿಲಗಳು ಹೊರಬರಬಲ್ಲವು. ನ್ಯಾಫ್ತಲೀನ್ ಎಂಬ ಬಟ್ಟೆಯ ಗುಳಿಗೆಯ ದ್ರವ್ಯವೂ ಮೇಣವೂ ಉಳಿದೆರಡು ಕಲಬೆರಕೆಗಳು.

ಇವನ್ನು ಬೇರ್ಪಡಿಸಲು ಒಂದು ಲೋಟ ನೀರು ಸಾಕು. ಕರ್ಪೂರವು ನೀರಿಗಿಂತ ಕೂದಲೆಳೆಯಷ್ಟು ಹಗುರ. ಆದುದರಿಂದ ಬಹುತೇಕ ಪೂರ್ತಿ ಮುಳುಗಿದಂತೆ ಕಂಡರೂ ಮೇಲೆಯೇ ನಿಂತು, ಕರಗದೆ ಉಳಿಯುತ್ತದೆ. ಹೆಕ್ಸಮೀನ್ ತಳಕ್ಕಿಳಿದು ಸಕ್ಕರೆಯಂತೆ ಕರಗಿಹೋಗುತ್ತದೆ. ನ್ಯಾಫ್ತಲೀನ್ ತಳಕ್ಕಿಳಿದು ಕರಗದೆ ಕುಳಿತಿರುತ್ತದೆ. ನೀರಿನಲ್ಲಿ ಇನ್ನು ಕರಗದೆಂಬಷ್ಟು ಉಪ್ಪನ್ನು ಬೆರೆಸಿದರೆ ಅದು ಮೇಲಕ್ಕೇಳುತ್ತದೆ. ಮೇಣವೂ ತೇಲುವುದರಿಂದ ಇನ್ನೊಂದು ಪರೀಕ್ಷೆ ಬೇಕು: ಎಣ್ಣೆಯ ಸೋಂಕಿಲ್ಲದ ತಟ್ಟೆಯ ನೀರಿನ ಮೇಲೆ ಕರ್ಪೂರದ ಚೂರೊಂದನ್ನು ಉದುರಿಸಿದರೆ ಅದು ಜೀವವುಳ್ಳದ್ದರಂತೆ ಗಿರ್ರನೆ ಸುತ್ತುತ್ತ ಓಡಾಡುತ್ತದೆ; ಮೇಣ ಇದ್ದಲ್ಲಿಯೇ ಇರುತ್ತದೆ. ಬಿಲ್ಲೆಯನ್ನು ಗಾಳಿಗೆ ತೆರೆದಿಟ್ಟರೆ ಕರ್ಪೂರ ವಾರಗಳಲ್ಲಿ ತಾನೇ ಇಲ್ಲವಾಗುತ್ತದೆ, ಮೇಣ ಉಳಿಯುತ್ತದೆ. ಬಿಲ್ಲೆಯ ಒಳಗೆ ಗಾಳಿ ಸೇರಿಕೊಂಡಿದ್ದರೆ ಅಥವಾ ಎರಡು ಮೂರು ದ್ರವ್ಯಗಳನ್ನು ಬೆರೆಸಿ ಒತ್ತಿದ್ದರೆ ತೇಲುವ ಪರೀಕ್ಷೆ ಮೋಸಹೋಗಬಹುದು. ಆಗ ಬಿಲ್ಲೆಯನ್ನು ಪುಡಿಮಾಡಿ ನೀರಿಗೆ ಹಾಕಿ ಕಲಕಿದರೆ ಒಂದು ಪಾಲು ಮೇಲೆಯೂ ಒಂದು ಪಾಲು ಕೆಳಗೆಯೂ ಬೇರೆಯಾಗುವುದು ಕಾಣಬಹುದು.

ಶುದ್ಧವೆಂದು ತೀರ್ಮಾನವಾದ ಬಿಲ್ಲೆಯ ಡಬ್ಬಿಯಲ್ಲಿಯೂ ನಾನು ಹುಡುಕುವ ಇನ್ನೊಂದು ಸಾಲಿದೆ, ಅನೇಕ ಡಬ್ಬಿಗಳಲ್ಲಿ ಅದು ಇರುವುದಿಲ್ಲ: ಮಕ್ಕಳಿಂದ ದೂರವಿಡಿ ಎಂಬುದು. ಪುಟ್ಟ ಮಗು ಒಂದು ಗ್ರಾಮಿನಷ್ಟು ಕರ್ಪೂರವನ್ನು ನುಂಗಿದರೆ ಕೆಲವೇ ನಿಮಿಷಗಳಲ್ಲಿ ಅಪಸ್ಮಾರದಂಥ ಸೆಳೆತ ಬಂದು ಪ್ರಾಣಾಪಾಯವಾಗಬಹುದು. ದೇವರ ಜಗಲಿ ಈ ಮನೆಗಳಲ್ಲಿ ನೆಲದಿಂದ ಒಂದು ಮೊಳದ ಎತ್ತರದಲ್ಲಿರುತ್ತದೆ, ಡಬ್ಬಿ ಅಲ್ಲಿಯೇ ತೆರೆದಿರುತ್ತದೆ, ಬಿಲ್ಲೆಯೋ ಬಿಳಿಯ ಪೆಪ್ಪರಮಿಂಟಿನ ಆಕಾರದ್ದು.