ಹಳೆಯ ಕೊಂಡಿ ಅಳಿಸುವ ಅರ್ಜಿ: ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಇಳಕಲ್ಲಿನ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಒಳಗೆ ಮಗ್ಗ, ಮುಂದಿನ ಕೋಣೆಯಲ್ಲಿ ಸೀರೆ ಮಾರಾಟ. ಹತ್ತು ವರ್ಷದ ಹಿಂದೆ ಅಂತರ್ಜಾಲದ ವ್ಯಾಪಾರಿಗಳ ಪಟ್ಟಿಯೊಂದರಲ್ಲಿ ಮನೆಯೊಡತಿಯ ಹೆಸರು, ಓಣಿ, ಮೊಬೈಲ್ ನಂಬರು ಸೇರಿದ್ದವು. ಮುಂದೆ ಮಾರಾಟ ನಿಂತಿತು, ಆ ನಂಬರು ಮಗಳ ಕೈಗೆ ಬಂತು. ಕೇಳಿಕೊಂಡ ಮೇಲೆ ಪಟ್ಟಿಯವರು ನಂಬರನ್ನು ತೆಗೆದರು. ಆದರೂ ಗೂಗಲ್‌ನಲ್ಲಿ ಹೆಸರು ಹುಡುಕಿದರೆ, ಕೊಂಡಿಯ ಕೆಳಗಿನ ಎರಡು ಸಾಲಿನಲ್ಲಿ ಅದೇ ನಂಬರು ಕಾಣುತ್ತದೆ. ಗುರುತಿಲ್ಲದವರ ಕರೆಗಳು ಈಗ ಮಗಳಿಗೆ ಬರುತ್ತಿವೆ.

ಹೀಗಾಗಲು ಕಾರಣ ಸರಳ. ನಾವು ಹುಡುಕಿದಾಗ ಗೂಗಲ್ ಆ ಪುಟವನ್ನು ಹೊಸದಾಗಿ ಓದುವುದಿಲ್ಲ. ಹಿಂದೆ ಓದಿ ಇಟ್ಟುಕೊಂಡದ್ದನ್ನು ತೋರಿಸುತ್ತದೆ. ಹೆಚ್ಚು ಜನ ನೋಡದ ಪುಟವನ್ನು ಅದು ಮತ್ತೆ ಓದಲು ವಾರಗಳು, ತಿಂಗಳುಗಳೇ ಹಿಡಿಯಬಹುದು. ಈ ಅಂತರವನ್ನು ಮುಚ್ಚಲೆಂದೇ Refresh Outdated Content ಎಂಬ ಅರ್ಜಿ ಇದೆ. ವಿಳಾಸ: search.google.com/search-console/remove-outdated-content. ಗೂಗಲ್ ಖಾತೆಯಿದ್ದ ಯಾರಾದರೂ ಇದನ್ನು ಹಾಕಬಹುದು. ಪುಟದ ಮಾಲೀಕರೇ ಆಗಬೇಕಿಲ್ಲ, ವಕೀಲರೂ ಬೇಕಿಲ್ಲ. ಇದು ಈ ವ್ಯವಸ್ಥೆಯ ನಿಜವಾದ ಗುಣ.

ಅರ್ಜಿಯಲ್ಲಿ ಮೊದಲು ಪುಟದ ವಿಳಾಸವನ್ನು ಅಕ್ಷರ ತಪ್ಪದೆ ಹಾಕಬೇಕು. ಪುಟ ಇನ್ನೂ ಇದ್ದು ವಿವರ ಮಾತ್ರ ಹೋಗಿದ್ದರೆ, ಹಳೆಯ ಪ್ರತಿಯಲ್ಲಿದ್ದು ಈಗಿನ ಪುಟದಲ್ಲಿ ಎಲ್ಲಿಯೂ ಇಲ್ಲದ ಒಂದು ಪದವನ್ನು ಕೊಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಮಗಳು ‘ಇಳಕಲ್’ ಎಂದು ಬರೆದರೆ ಅರ್ಜಿ ತಿರಸ್ಕೃತ, ಏಕೆಂದರೆ ಊರಿನ ಹೆಸರು ಪುಟದಲ್ಲಿ ಇನ್ನೂ ಇದೆ. ತೆಗೆದುಹಾಕಿದ ನಂಬರನ್ನೇ ಬರೆದರೆ ಅರ್ಜಿ ಗೆಲ್ಲುತ್ತದೆ. ಒಪ್ಪಿಗೆಯಾದರೆ Approved, ಇಲ್ಲವಾದರೆ Denied ಎಂದು ಪರದೆಯ ಮೇಲೆ ಬರುತ್ತದೆ. Ilkal, Ilakal ಎಂದೂ Hungund, Hunagund ಎಂದೂ ಬರೆಯುವ ನಮ್ಮ ಕಡೆ, ಹೆಸರನ್ನು ಎಲ್ಲ ಕಾಗುಣಿತಗಳಲ್ಲಿ, ಕನ್ನಡ ಲಿಪಿಯಲ್ಲೂ ಹುಡುಕಿ ನೋಡಬೇಕು. ಸಿಕ್ಕ ಪ್ರತಿ ವಿಳಾಸಕ್ಕೂ ಬೇರೆ ಅರ್ಜಿ.

ಇನ್ನು ದೋಷದ ಮಾತು. ಈ ಅರ್ಜಿ ಕೇಳುವ ಪ್ರಶ್ನೆ ಒಂದೇ: ಪುಟ ಬದಲಾಗಿದೆಯೇ? ನಿಮಗೆ ತೊಂದರೆಯಾಗಿದೆಯೇ ಎಂದು ಅದು ಕೇಳುವುದಿಲ್ಲ. ಬಾದಾಮಿಯ ಕಚೇರಿಯೊಂದು ಫಲಾನುಭವಿಗಳ ಪಟ್ಟಿಯ ಕೊಂಡಿಯನ್ನು ತನ್ನ ಮುಖಪುಟದಿಂದ ತೆಗೆಯಿತೆನ್ನಿ. ಪಿಡಿಎಫ್ ಕಡತ ಸರ್ವರ್‌ನಲ್ಲೇ ಉಳಿದಿದ್ದರೆ ಅರ್ಜಿ ಸೋಲುತ್ತದೆ. ಪರೀಕ್ಷೆ ಸುಲಭ: ಕಡತದ ನೇರ ವಿಳಾಸವನ್ನು ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ತೆರೆದು ನೋಡಿ. ತೆರೆದುಕೊಂಡರೆ ಮೂಲ ಇನ್ನೂ ಜೀವಂತವಾಗಿದೆ.

ಮೂಲದವರು ಮಾತು ಕೇಳದಿದ್ದಾಗ ಗೂಗಲ್‌ನ ಇನ್ನೊಂದು ಅರ್ಜಿಯಿದೆ. ಮನೆ ವಿಳಾಸ, ಫೋನ್ ನಂಬರು, ಬ್ಯಾಂಕ್ ಖಾತೆ ಸಂಖ್ಯೆ, ಸರ್ಕಾರಿ ಗುರುತಿನ ಸಂಖ್ಯೆ, ಸಹಿಯ ಚಿತ್ರ ಕಾಣುವ ಫಲಿತಾಂಶಗಳನ್ನು ತೆಗೆಯಲು ಅದರಲ್ಲಿ ಕೇಳಬಹುದು. ಆದರೆ ಸರ್ಕಾರಿ ತಾಣದಲ್ಲಿರುವುದನ್ನು, ಸುದ್ದಿಯಾಗಿ ಬಂದದ್ದನ್ನು ಸಾರ್ವಜನಿಕ ಮಾಹಿತಿಯೆಂದು ಉಳಿಸಿಕೊಳ್ಳುವುದೇ ಹೆಚ್ಚು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಅಳಿಸುವ ಹಕ್ಕನ್ನು ಒಳಗೊಂಡಿದೆ. ಆದರೆ ಕಾನೂನಿನ ಕಟ್ಟುಪಾಡಿನಂತೆ ಬಹಿರಂಗಪಡಿಸಿದ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಡುತ್ತದೆ. ಬಡವರ ವಿವರ ಹೆಚ್ಚಾಗಿ ಇರುವುದು ಇಂಥ ಪಟ್ಟಿಗಳಲ್ಲೇ ಎಂಬುದು ನನ್ನನ್ನು ಕಾಡುವ ಸಂಗತಿ.

ಇದೇ ಮಿತಿ ಕರ್ನಾಟಕ ಹೈಕೋರ್ಟಿನ ಜನವರಿ 2017ರ ಆದೇಶದಲ್ಲೂ ಕಾಣುತ್ತದೆ. ರಾಜಿಯಾಗಿ ಮುಗಿದ ಪ್ರಕರಣದ ಆದೇಶದಲ್ಲಿ ಮಗಳ ಹೆಸರಿದೆ, ಅಂತರ್ಜಾಲದಲ್ಲಿ ಹುಡುಕಿದರೆ ಅದು ಸಿಗುತ್ತದೆ, ಅವಳ ಸಂಸಾರಕ್ಕೂ ಮರ್ಯಾದೆಗೂ ಧಕ್ಕೆ ಎಂದು ತಂದೆಯೊಬ್ಬರು ಅರ್ಜಿ ಹಾಕಿದ್ದರು. ಹುಡುಕಾಟದಲ್ಲಿ ಆ ಹೆಸರು ಕಾಣದಂತೆ ನೋಡಿಕೊಳ್ಳಲು ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ರಿಜಿಸ್ಟ್ರಿಗೆ ಸೂಚಿಸಿದರು. ಹೈಕೋರ್ಟಿನ ಸ್ವಂತ ಜಾಲತಾಣಕ್ಕೆ ಇದು ಅನ್ವಯಿಸಲಿಲ್ಲ. ದೃಢೀಕೃತ ಪ್ರತಿಯಲ್ಲೂ ಹೆಸರು ಉಳಿಯುತ್ತದೆ ಎಂದರು. ದಾಖಲೆ ಇರಲಿ, ಹೆಸರು ಹೊಡೆದವರಿಗೆಲ್ಲ ಸಿಗುವುದು ಬೇಡ ಎಂಬ ಈ ವಿವೇಕ ಮೆಚ್ಚತಕ್ಕದ್ದು. ಆದರೆ ಅಷ್ಟಕ್ಕೂ ಒಬ್ಬ ತಂದೆ ರಿಟ್ ಅರ್ಜಿ ಹಾಕಬೇಕಾಯಿತು.

ನನ್ನ ತೀರ್ಮಾನ ಹೀಗಿದೆ. ಮೂಲ ಅಳಿದಿದ್ದರೆ ಗೂಗಲ್‌ನ ಮೊದಲ ಅರ್ಜಿ ಚೊಕ್ಕ ಸಾಧನ; ಮೂಲ ಉಳಿದಿದ್ದರೆ ಅದು ನಿರುಪಯುಕ್ತ. ಆದ್ದರಿಂದ ಮೊದಲು ಪುಟದವರಿಗೆ ಬರೆಯಿರಿ, ತೆಗೆದರೆಂದು ಕಣ್ಣಾರೆ ಖಚಿತಪಡಿಸಿಕೊಳ್ಳಿ, ಆಮೇಲೆ ಗೂಗಲ್‌ಗೆ ಹೋಗಿ. ಬಿಂಗ್‌ನಂಥ ಬೇರೆ ಹುಡುಕುತಾಣಗಳಿಗೆ ಬೇರೆಯೇ ಅರ್ಜಿ ಹಾಕಬೇಕು. ಬಾಗಲಕೋಟೆ ಜಿಲ್ಲೆಯ ಕಚೇರಿಗಳಲ್ಲಿ ಪಟ್ಟಿ ಏರಿಸುವವರಲ್ಲಿ ನನ್ನದೊಂದು ಬೇಡಿಕೆ: ಹೆಸರಿನ ಪಕ್ಕದ ಫೋನ್ ಮತ್ತು ಖಾತೆ ಸಂಖ್ಯೆಗಳ ಕಾಲಂ ಅಳಿಸಿಯೇ ಏರಿಸಿ. ಒಮ್ಮೆ ಏರಿದ ಕಡತದ ಬೆನ್ನು ಹತ್ತಿ ಓಡುವ ಕಷ್ಟ ನೇಕಾರರ ಮನೆಯ ಮಗಳಿಗೆ ಬರಬಾರದು.