ಜನನಪತ್ರಿಕೆಯ ಒಂದು ಸಾಲಿಗೆ ಕಾಲವ್ಯಾಖ್ಯಾನ

"ಸ್ವಭಾನು ಸಂವತ್ಸರದ ಮಾಘ ಶುದ್ಧ ಸೋಮವಾರ, ಗತಘಟಿ 59-15, ತಾ. 8-2-1944 ಬೆಳಿಗ್ಗೆ ಗಂ. 7-30ಕ್ಕೆ ಮೈಸೂರಿನಲ್ಲಿ ಪುತ್ರೋತ್ಸವವಾಯಿತು."

ಹಳೆಯ ಜನನಪತ್ರಿಕೆಗಳ ರೀತಿಯನ್ನು ಅನುಸರಿಸಿ ರಚಿಸಿದ ಮಾದರಿ ಸಾಲು ಇದು. ಮೇಲುನೋಟಕ್ಕೆ ಇದರಲ್ಲಿ ವಿರೋಧ ಕಾಣುತ್ತದೆ; ಪದಪದವಾಗಿ ಬಿಡಿಸಿದರೆ ಆ ವಿರೋಧವೇ ನಿಜವಾದ ಕಾಲವನ್ನು ತೋರಿಸಿಕೊಡುತ್ತದೆ.

'ಸೋಮವಾರ' ಎಂಬುದನ್ನು ಮೊದಲು ನೋಡತಕ್ಕದ್ದು. 1944ರ ಫೆಬ್ರುವರಿ 8 ಮಂಗಳವಾರ. ಬರೆದವರು ವಾರವನ್ನು ತಪ್ಪಿದರೆಂದು ಇಲ್ಲಿ ಶಂಕಿಸಬಾರದು. ಪಂಚಾಂಗದ ವಾರವು ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ನಡೆಯುತ್ತದೆ, ಮಧ್ಯರಾತ್ರಿಗೆ ಬದಲಾಗುವುದಿಲ್ಲ. ಆದಕಾರಣ ಮಂಗಳವಾರದ ಸೂರ್ಯನು ಹುಟ್ಟುವ ಮೊದಲೇ ಜನನವಾಯಿತೆಂಬುದು ಇದರ ತಾತ್ಪರ್ಯ.

'ಗತಘಟಿ 59-15' ಎಂಬುದು ಅದನ್ನೇ ಅಳತೆಗಟ್ಟಿ ಹೇಳುತ್ತದೆ. ಗತಘಟಿಯೆಂದರೆ ಸೂರ್ಯೋದಯದಿಂದ ಕಳೆದ ಘಟಿ. ಘಟಿಗೆ 24 ನಿಮಿಷ, ದಿನವೊಂದಕ್ಕೆ 60 ಘಟಿ. ಸೋಮವಾರದ ಉದಯದಿಂದ 59 ಘಟಿ 15 ವಿಘಟಿ ಕಳೆದಿತ್ತೆಂದರೆ ಮಂಗಳವಾರದ ಉದಯಕ್ಕೆ ಮುಕ್ಕಾಲು ಘಟಿ, ಅಂದರೆ 18 ನಿಮಿಷ, ಉಳಿದಿತ್ತು. ಈ ಮಾನವು ಸೂರ್ಯನನ್ನೇ ಆಶ್ರಯಿಸಿರುವುದರಿಂದ ಸರ್ಕಾರದ ಗಡಿಯಾರ ಹಿಂದುಮುಂದಾದರೂ ಇದು ಕೆಡುವುದಿಲ್ಲ. ಹಳೆಯ ಪತ್ರಿಕೆಯಲ್ಲಿ ಘಟಿ ನಮೂದಾಗಿದ್ದರೆ ಗಂಟೆಗಿಂತ ಮೊದಲು ಅದನ್ನೇ ನಂಬುವುದು ಯುಕ್ತ.

'ಗಂ. 7-30' ಎಂಬಲ್ಲಿ ಸಂದೇಹವು ಏಳುತ್ತದೆ. ಫೆಬ್ರುವರಿ ಎರಡನೆಯ ವಾರದಲ್ಲಿ ಮೈಸೂರಿನ ಸೂರ್ಯೋದಯವು ಭಾರತೀಯ ಪ್ರಮಾಣಕಾಲದಲ್ಲಿ ಸುಮಾರು 6-48ಕ್ಕೆ. ಏಳೂವರೆಗೆ ಸೂರ್ಯನು ಆಗಲೇ ಏರಿರಬೇಕು. ಹಾಗಿರಲು ಸೋಮವಾರವೆಂಬುದು ಹೇಗೆ ಸಲ್ಲುತ್ತದೆ? ಸಮಾಧಾನವಿದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ ಮಧ್ಯದವರೆಗೆ, ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದಿದ್ದ ಕಾಲವು ಆಗ ಆರೂವರೆ ಗಂಟೆ ಮುಂದಾಯಿತು. ಇದೇ ಯುದ್ಧಕಾಲದ ಗಂಟೆ. ಆದ್ದರಿಂದ ಸಾಲಿನ 7-30 ಎಂದರೆ ಈಗಿನ 6-30. ಉದಯಕ್ಕೆ 18 ನಿಮಿಷ ಮುಂಚೆ ಎಂದಾಗಿ ಘಟಿಯೂ ವಾರವೂ ಗಂಟೆಯೂ ಒಂದೇ ಮಾತನ್ನು ಹೇಳುತ್ತವೆ.

ಇದನ್ನರಿಯದೆ 7-30ನ್ನು ಹಾಗೆಯೇ ಹಿಡಿದರೆ ಆಗುವ ಕೇಡನ್ನು ವಿಸ್ತರಿಸಬೇಕು. ಅಂದು ರವಿಯು ಮಕರದ 25ನೆಯ ಭಾಗೆಯ ಆಸುಪಾಸಿನಲ್ಲಿದ್ದನು. ಉದಯದ ಹೊತ್ತಿಗೆ ಲಗ್ನವು, ಅಂದರೆ ಪೂರ್ವದಲ್ಲಿ ಏಳುತ್ತಿರುವ ರಾಶಿಬಿಂದುವು, ರವಿಯ ಬಳಿಯಲ್ಲೇ ಇರುತ್ತದೆ. 6-30ಕ್ಕೆ ಲಗ್ನವು ಮಕರದ ಸುಮಾರು 19 ಭಾಗೆ; 7-30ಕ್ಕೆ ಕುಂಭದ ಸುಮಾರು 5 ಭಾಗೆ. ಲಗ್ನರಾಶಿಯೇ ಬದಲಾದ ಮೇಲೆ ಹನ್ನೆರಡು ಭಾವಗಳೂ ಒಂದೊಂದು ಮನೆ ಸರಿಯುತ್ತವೆ: ಲಗ್ನದಲ್ಲಿದ್ದ ರವಿಯು ವ್ಯಯಸ್ಥಾನಕ್ಕೆ, ಎಂದರೆ ಹನ್ನೆರಡಕ್ಕೆ, ಬೀಳುತ್ತಾನೆ. ಚಂದ್ರನು ಗಂಟೆಗೆ ಅರ್ಧ ಭಾಗೆ ಮಾತ್ರ ನಡೆಯುವುದರಿಂದ ಪುಷ್ಯ ನಕ್ಷತ್ರ ಕೆಡದು. ಆದರೆ ಪುಷ್ಯಕ್ಕೆ 19 ವರ್ಷದ ಶನಿದಶೆ. ಅರ್ಧ ಭಾಗೆಯ ಅಂತರದಿಂದ ದಶಾಶೇಷದಲ್ಲಿ ಸುಮಾರು ಎಂಟೂವರೆ ತಿಂಗಳ ವ್ಯತ್ಯಾಸ ಬರುತ್ತದೆ, ಮುಂದಿನ ದಶೆಗಳೆಲ್ಲವೂ ಅಷ್ಟೇ ಸರಿಯುತ್ತವೆ.

'ಮೈಸೂರಿನಲ್ಲಿ' ಎಂಬ ಪದವೂ ವ್ಯರ್ಥವಲ್ಲ. ಪ್ರಮಾಣಕಾಲವು 82½ ಭಾಗೆಯ ರೇಖಾಂಶದ್ದು. ಮೈಸೂರು ಸುಮಾರು 76 ಭಾಗೆ 39 ಕಲೆಯಲ್ಲಿದೆ. ಭಾಗೆಗೆ 4 ನಿಮಿಷದಂತೆ ಮೈಸೂರಿನ ಸ್ಥಳೀಯ ಮಧ್ಯಮಕಾಲವು 23 ನಿಮಿಷ ಹಿಂದು. ಲಗ್ನಸಾಧನೆಗೆಂದು 6-30ನ್ನು 6-07 ಮಾಡಿಟ್ಟ ಹಳೆಯ ಲೆಕ್ಕವು ನಿರ್ದುಷ್ಟವೇ. ಆ 6-07ನ್ನೇ ಜನನಕಾಲವೆಂದು ತಿಳಿದು ಗಣಕಯಂತ್ರಕ್ಕೆ ಕೊಟ್ಟರೆ ಅದು ಮತ್ತೊಮ್ಮೆ ರೇಖಾಂತರವನ್ನು ಕಳೆಯುತ್ತದೆ. ಲಗ್ನವು ಆರು ಭಾಗೆ ಹಿಂದೆ ಬೀಳುತ್ತದೆ. ರಾಶಿ ಉಳಿದರೂ 3 ಭಾಗೆ 20 ಕಲೆಯಷ್ಟೇ ಅಗಲದ ನವಾಂಶವು ನಿಲ್ಲದು. ಪ್ರಮಾಣಕಾಲವು 1906ರಲ್ಲಿ ಬಂದರೂ ಮುಂಬಯಿ ನಗರದಲ್ಲಿ ಅದಕ್ಕಿಂತ 39 ನಿಮಿಷ ಹಿಂದಿದ್ದ 'ಬಾಂಬೆ ಟೈಮ್' ದಶಕಗಳ ಕಾಲ ಬಳಕೆಯಲ್ಲಿ ಉಳಿದಿತ್ತು. ಅಲ್ಲಿ ಹುಟ್ಟಿದ ಕನ್ನಡಿಗರ ಪತ್ರಿಕೆಗೆ ಈ ವಿಚಾರವೂ ಸೇರತಕ್ಕದ್ದು.

ಇನ್ನು ವಿಧಿ. ಕೆಲವು ತಂತ್ರಾಂಶಗಳು ಯುದ್ಧಕಾಲದ ಗಂಟೆಯನ್ನು ತಾವೇ ಕಳೆಯುತ್ತವೆ, ಕೆಲವು ಕಳೆಯುವುದಿಲ್ಲ. ಮೊದಲನೆಯದಕ್ಕೆ ಕೈಯಲ್ಲಿ ತಿದ್ದಿದ ಕಾಲವನ್ನು ಕೊಟ್ಟರೆ ಗಂಟೆ ಎರಡು ಸಲ ಹೋಗುತ್ತದೆ. ತಂತ್ರಾಂಶವು ಹಿಡಿದಿರುವ ಕಾಲಾಂತರ 5-30 ಆಗಿದೆಯೋ 6-30 ಆಗಿದೆಯೋ ನೋಡಿ, ಬಂದ ಸೂರ್ಯೋದಯವನ್ನು ಪತ್ರಿಕೆಯ ವಾರ ಮತ್ತು ಘಟಿಗಳಿಗೆ ತಾಳೆಹಾಕಬೇಕು. ಘಟಿಯೂ ವಾರವೂ ಇಲ್ಲದೆ ಬರಿಯ ಗಂಟೆಯಿರುವ 1942–45ರ ಪತ್ರಿಕೆಗೆ ಗಂಟೆ ಕಳೆದು ಒಂದು, ಕಳೆಯದೆ ಒಂದು, ಹೀಗೆ ಎರಡು ಕುಂಡಲಿಗಳನ್ನೂ ಬರೆದಿಡಿ. ಒಂದನ್ನೇ ನಿಶ್ಚಯವೆಂದು ಹೇಳಬೇಡಿ.